ಮಂಜೂರಾತಿ ಪತ್ರದಲ್ಲಿ 9,356 ರೂಪಾಯಿ, ಲೆಕ್ಕದಲ್ಲಿ 12,500: ಶಿಕ್ಷಣ ಸಾಲದ ಕಂತು ಎಲ್ಲಿಂದ ಬೆಳೆಯುತ್ತದೆ?

ಪ್ರಶ್ನೆ: ಮಾನ್ಯರೇ, ನಾವು ಹಾಸನದವರು. ಮಗಳ ಎಂಜಿನಿಯರಿಂಗ್‌ಗೆಂದು ಸರ್ಕಾರಿ ವಲಯದ ಬ್ಯಾಂಕೊಂದರಲ್ಲಿ 7,20,000 ರೂಪಾಯಿ ಶಿಕ್ಷಣ ಸಾಲ ಮಂಜೂರಾಗಿದೆ. ವರ್ಷಕ್ಕೆ 1,80,000ದಂತೆ ನಾಲ್ಕು ಬಾರಿ ಕಾಲೇಜಿಗೆ ಹೋಗುತ್ತದೆ, ಮೊದಲನೆಯದು 2025ರ ಆಗಸ್ಟ್ 1ರಂದು ಹೋಗಿದೆ. ಪತ್ರದಲ್ಲಿ ಬಡ್ಡಿ ಶೇ. 9.60 (ಫ್ಲೋಟಿಂಗ್), ಮೊರಟೋರಿಯಂ ಕೋರ್ಸ್ ಅವಧಿ ಮತ್ತು ಒಂದು ವರ್ಷ, ಕಂತುಗಳು 120, ಬೇಕಾದರೆ 180ರವರೆಗೆ, ತಿಂಗಳ ಕಂತು 9,356 ಎಂದಿದೆ. ಆದರೆ ಪರಿಚಯದ ಲೆಕ್ಕಿಗರೊಬ್ಬರು ಕಂತು 12,500 ಆಗುತ್ತದೆ ಎಂದರು. ಯಾವುದು ಸರಿ? ನಮ್ಮ ಕೈಯಲ್ಲಿ ತಿಂಗಳಿಗೆ 3,000 ಉಳಿಯುತ್ತದೆ. ಅದನ್ನು ಈಗಿನಿಂದಲೇ ಸಾಲಕ್ಕೆ ಕಟ್ಟಬೇಕೆ? ನಮ್ಮ ವಾರ್ಷಿಕ ಆದಾಯ ಆರು ಲಕ್ಷ.

ಉತ್ತರ: ಎರಡು ಅಂಕಿಗಳೂ ತಪ್ಪಲ್ಲ, ಆದರೆ ಎರಡೂ ಬೇರೆ ಬೇರೆ ಅಸಲಿನ ಮೇಲೆ ಹುಟ್ಟಿದವು. ಪತ್ರದ 9,356 ರೂಪಾಯಿ ಎಂಬುದು ಮಂಜೂರಾದ 7,20,000ದ ಮೇಲೆ ಮಾತ್ರ ಹಾಕಿದ ಕಂತು. ಮೊರಟೋರಿಯಂ ಮುಗಿಯುವವರೆಗೆ ಒಂದು ರೂಪಾಯಿಯೂ ಬಡ್ಡಿ ಬಾಕಿ ಉಳಿಯದಿದ್ದರೆ ಮಾತ್ರ ಅದು ನಿಜವಾಗುತ್ತದೆ. ಲೆಕ್ಕಿಗರು ಹೇಳಿದ 12,500, ಆ ಅವಧಿಯಲ್ಲಿ ನೀವು ಏನನ್ನೂ ಕಟ್ಟದೆ ಇದ್ದರೆ ಬರುವ ಕಂತು. ಶಾಖೆಯ ಸಾಲ ವಿಭಾಗದಲ್ಲಿ ಕುಳಿತಿದ್ದ ವರ್ಷಗಳಲ್ಲಿ ನಾನು ಕಂಡಂತೆ, ಮೊದಲ ಕಂತಿನ ದಿನ ಸಿಟ್ಟಿನಿಂದ ಬರುವ ಬಹುತೇಕ ಪೋಷಕರ ಗೊಂದಲಕ್ಕೆ ಈ ಎರಡು ಅಂಕಿಗಳ ನಡುವಿನ ಅಂತರವೇ ಕಾರಣವಾಗಿರುತ್ತಿತ್ತು. ಆ ಅಂತರ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ, ಏಕೆಂದರೆ ನಿಮ್ಮ 3,000ವನ್ನು ಎಲ್ಲಿ ಇಡಬೇಕು ಎಂಬುದರ ಉತ್ತರವೂ ಅದರಲ್ಲೇ ಇದೆ.

ಮೊರಟೋರಿಯಂ ಎಂದರೆ ಕಂತಿಗೆ ಬಿಡುವೇ ಹೊರತು ಬಡ್ಡಿಗೆ ಬಿಡುವಲ್ಲ. ಬ್ಯಾಂಕು ಕಾಲೇಜಿಗೆ ಹಣ ಕಳುಹಿಸಿದ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ. ಆದರೆ ಮಂಜೂರಾದ ಪೂರ್ತಿ ಮೊತ್ತದ ಮೇಲಲ್ಲ, ಆ ದಿನದವರೆಗೆ ಬಿಡುಗಡೆಯಾದ ಮೊತ್ತದ ಮೇಲೆ ಮಾತ್ರ. ನಿಮ್ಮ ಒಂದು ಬಿಡುಗಡೆ 1,80,000, ಅದಕ್ಕೆ ಶೇ. 9.60ರಂತೆ ವರ್ಷದ ಬಡ್ಡಿ 17,280. ಮಗಳ ಕೋರ್ಸ್ 2029ರ ಜುಲೈಗೆ ಮುಗಿದು, ಮತ್ತೊಂದು ವರ್ಷ ಕಳೆದು 2030ರ ಜುಲೈ 31ಕ್ಕೆ ಮೊರಟೋರಿಯಂ ಕೊನೆಗೊಳ್ಳುತ್ತದೆ ಎಂದುಕೊಂಡರೆ, 2025ರ ಹಣ ಐದು ವರ್ಷ, 2026ರದ್ದು ನಾಲ್ಕು ವರ್ಷ, 2027ರದ್ದು ಮೂರು, 2028ರದ್ದು ಎರಡು ವರ್ಷ ಬಡ್ಡಿ ದುಡಿಯುತ್ತದೆ. ಒಟ್ಟು ಹದಿನಾಲ್ಕು ವರ್ಷದ ಬಡ್ಡಿ, ಅಂದರೆ ಹದಿನಾಲ್ಕು ಸಲ 17,280, ಅದು 2,41,920 ರೂಪಾಯಿ. ಮೊರಟೋರಿಯಂ ಮುಗಿದ ದಿನ ಬ್ಯಾಂಕು ಈ ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸುತ್ತದೆ. ಆಗ ಅಸಲು 9,61,920 ಆಗುತ್ತದೆ. ಕಂತನ್ನು ಈ ಹೊಸ ಅಸಲಿನ ಮೇಲೆ ಕಟ್ಟುತ್ತಾರೆ. ಕಂಪ್ಯೂಟರಿನಲ್ಲಿ ಯಾವುದೇ ಸ್ಪ್ರೆಡ್‌ಶೀಟ್ ತೆರೆದು ಈ ಸಾಲನ್ನು ಬರೆದರೆ ನೀವೇ ಪರೀಕ್ಷಿಸಿಕೊಳ್ಳಬಹುದು:

```
=PMT(0.096/12, 120, -961920)
```

ಉತ್ತರ 12,500 ಎಂದು ಬರುತ್ತದೆ. ಕೊನೆಯ ಅಂಕಿಯ ಜಾಗದಲ್ಲಿ 720000 ಎಂದು ಹಾಕಿದರೆ ನಿಮ್ಮ ಪತ್ರದ 9,356 ಸಿಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೇಲಿನ ಲೆಕ್ಕವನ್ನು ನಾನು ಸರಳ ಬಡ್ಡಿಯಲ್ಲಿ ಹಾಕಿದ್ದೇನೆ, ಅಂದರೆ ಬಾಕಿ ಉಳಿದ ಬಡ್ಡಿಯ ಮೇಲೆ ಮತ್ತೆ ಬಡ್ಡಿ ಹಾಕಿಲ್ಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಓದಿನ ಅವಧಿ ಮತ್ತು ಮೊರಟೋರಿಯಂಗೆ ಸರಳ ಬಡ್ಡಿಯನ್ನೇ ಹೇಳಿದೆ, ಸರ್ಕಾರಿ ವಲಯದ ಬ್ಯಾಂಕುಗಳು ಸಾಮಾನ್ಯವಾಗಿ ಅದನ್ನೇ ಅನುಸರಿಸುತ್ತವೆ. ಆದರೂ ನಿಮ್ಮ ಪತ್ರದಲ್ಲಿ ‘ಸರಳ ಬಡ್ಡಿ’ ಎಂಬ ಮಾತು ಬರಹದಲ್ಲಿ ಇದೆಯೇ ಎಂದು ನೋಡಿಕೊಳ್ಳಬೇಕು. ಇದೇ ಸಾಲಕ್ಕೆ ತಿಂಗಳ ಚಕ್ರಬಡ್ಡಿ ಹಾಕಿದರೆ 2030ರ ಜುಲೈ ಹೊತ್ತಿಗೆ ಬಾಕಿ ಸುಮಾರು 10,11,900 ಆಗುತ್ತದೆ, ಅಂದರೆ ಐವತ್ತು ಸಾವಿರ ಹೆಚ್ಚು.

ಪತ್ರದಲ್ಲಿ ಒಂದು ಬರೆದು ಖಾತೆಯಲ್ಲಿ ಇನ್ನೊಂದು ನಡೆಯುವ ಸಂದರ್ಭವನ್ನೂ ನಾನು ನೋಡಿದ್ದೇನೆ, ಸಾಲದ ಖಾತೆ ತೆರೆಯುವಾಗ ತಪ್ಪು ಸಂಕೇತ ಹಾಕಿದರೆ ಸಾಕು. ಅದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ಸಾಲದ ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ, ಅದರಲ್ಲಿನ ಒಟ್ಟು ಬಾಕಿಯನ್ನು ಬಿಟ್ಟು ತಿಂಗಳ ಬಡ್ಡಿಯ ಸಾಲನ್ನು ಮಾತ್ರ ನೋಡಿ. ಸರಳ ಬಡ್ಡಿಯಲ್ಲೂ ಬಾಕಿ ಏರುತ್ತಲೇ ಇರುತ್ತದೆ, ಆದ್ದರಿಂದ ಬಾಕಿ ನೋಡಿ ಗಾಬರಿಯಾಗಬಾರದು. ನೀವು ಏನೂ ಕಟ್ಟದಿದ್ದರೆ, ಮೊದಲ ವರ್ಷ ಪೂರ್ತಿ, 31 ದಿನಗಳ ತಿಂಗಳಿಗೆ ಸುಮಾರು 1,468 ಮತ್ತು 30 ದಿನಗಳ ತಿಂಗಳಿಗೆ ಸುಮಾರು 1,420 ರೂಪಾಯಿ ಬಡ್ಡಿ ಬರಬೇಕು, 2026ರ ಜುಲೈಯಲ್ಲೂ ಅದು 1,468ರ ಆಸುಪಾಸಿನಲ್ಲೇ ಇರಬೇಕು. ಬಡ್ಡಿಯ ದರ ಬದಲಾಗದೆಯೂ ಅದು ತಿಂಗಳಿಂದ ತಿಂಗಳಿಗೆ ಏರುತ್ತಾ ಜುಲೈಗೆ 1,600ರ ಹತ್ತಿರ ಬಂದಿದ್ದರೆ, ಬಡ್ಡಿಯ ಮೇಲೆ ಬಡ್ಡಿ ಬೀಳುತ್ತಿದೆ ಎಂದೇ ಅರ್ಥ. ಮಂಜೂರಾತಿ ಪತ್ರದ ಪ್ರತಿಯೊಂದಿಗೆ ಶಾಖೆಗೆ ಬರಹದಲ್ಲಿ ದೂರು ಕೊಟ್ಟು, ಹಿಂದಿನ ದಿನಾಂಕದಿಂದ ಸರಿಪಡಿಸಿಕೊಳ್ಳಿ. ಐದು ವರ್ಷ ಕಳೆದ ಮೇಲೆ ಹೇಳುವುದಕ್ಕಿಂತ ಮೊದಲ ವರ್ಷದಲ್ಲಿ ಹೇಳಿದರೆ ಸರಿಪಡಿಸುವುದು ಬಹಳ ಸುಲಭ.

ಈಗ ನಿಮ್ಮ 3,000ದ ಮಾತಿಗೆ ಬರುತ್ತೇನೆ. ಮೊರಟೋರಿಯಂನಲ್ಲೇ ಬಡ್ಡಿ ಕಟ್ಟಿಕೊಂಡು ಹೋಗಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಅದು ಚಕ್ರಬಡ್ಡಿಯ ಸಾಲಕ್ಕೆ ನೂರಕ್ಕೆ ನೂರು ಸರಿಯಾದ ಮಾತು, ಸರಳ ಬಡ್ಡಿಯ ಸಾಲಕ್ಕೆ ಅಷ್ಟು ಸರಿಯಲ್ಲ. ಕಾರಣ ಇಷ್ಟೆ: ಸರಳ ಬಡ್ಡಿಯಲ್ಲಿ, ಮೊದಲ ವರ್ಷದ ಒಂದು ತಿಂಗಳ ಸರಾಸರಿ ಬಡ್ಡಿಯಾಗಿ ಬಾಕಿ ಕುಳಿತ 1,440 ರೂಪಾಯಿ 2025ರಲ್ಲೂ 1,440, 2030ರ ಜುಲೈಯಲ್ಲೂ 1,440. ಅದನ್ನು ಇವತ್ತೇ ಕಟ್ಟಿದರೂ ಕೊನೆಯ ವಾರ ಕಟ್ಟಿದರೂ ಬ್ಯಾಂಕಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ, ಅಸಲಿಗೆ ಸೇರುವ ದಿನದ ಮೊದಲು ಕಟ್ಟಿದರೆ ಆಯಿತು. ಆ ಐದು ವರ್ಷ ಆ ಹಣ ನಿಮ್ಮ ಬಳಿಯೇ ಇದ್ದು ಬಡ್ಡಿ ದುಡಿದರೆ, ಆ ಗಳಿಕೆ ನಿಮ್ಮದು.

ಅಂಕಿಗಳಲ್ಲಿ ಹೇಳುವುದಾದರೆ, ಪ್ರತಿ ತಿಂಗಳೂ 3,000ವನ್ನು ಸಾಲದ ಖಾತೆಗೇ ಕಟ್ಟುತ್ತಾ ಹೋದರೆ ಮೊದಲ ವರ್ಷ ಅದರಲ್ಲಿ 1,440 ಬಡ್ಡಿಗೆ ಹೋಗಿ ಉಳಿದದ್ದು ಅಸಲನ್ನು ಇಳಿಸುತ್ತದೆ. ಎರಡನೆಯ ವರ್ಷವೂ ಬಡ್ಡಿ ತೀರಿ ಸ್ವಲ್ಪ ಉಳಿಯುತ್ತದೆ. ಮೂರನೆಯ ವರ್ಷದಿಂದ ತಿಂಗಳ ಬಡ್ಡಿಯೇ 4,000 ದಾಟುವುದರಿಂದ ನಿಮ್ಮ ಕಂತು ಸಾಲದಾಗುತ್ತದೆ, ಬಾಕಿ ಬಡ್ಡಿ ಬೆಳೆಯತೊಡಗುತ್ತದೆ. ಐದು ವರ್ಷದ ಕೊನೆಗೆ ಅಸಲು ಸುಮಾರು 7,72,400 ಇರುತ್ತದೆ, 120 ಕಂತುಗಳಾದರೆ ತಿಂಗಳಿಗೆ ಸುಮಾರು 10,037. ಅದೇ 3,000ವನ್ನು ಶೇ. 6.5ರ ಆರ್‌ಡಿಗೆ ಹಾಕಿ, 57 ತಿಂಗಳಿಗೆ ಅದು ಕೈಗೆ ಬರುವಂತೆ ಮಾಡಿ, ಕೊನೆಯ ಮೂರು ತಿಂಗಳದ್ದನ್ನು ಉಳಿತಾಯ ಖಾತೆಯಲ್ಲಿ ಇಟ್ಟುಕೊಂಡರೆ, 2030ರ ಜುಲೈಯಲ್ಲಿ ನಿಮ್ಮ ಬಳಿ ಸುಮಾರು 2,10,000 ಇರುತ್ತದೆ. ಅದನ್ನು ಬಾಕಿ ಬಡ್ಡಿ 2,41,920ಕ್ಕೆ ಒಂದೇ ಬಾರಿ ಕಟ್ಟಿದರೆ ಅಸಲಿಗೆ ಸೇರುವುದು 31,920 ಮಾತ್ರ. ಅಸಲು 7,51,920, ಕಂತು 9,771. ಎರಡು ದಾರಿಗಳ ನಡುವೆ ಅಸಲಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು, ಹತ್ತು ವರ್ಷದ ಕಂತುಗಳಲ್ಲಿ ಸುಮಾರು 32,000 ರೂಪಾಯಿಯ ಅಂತರವಿದೆ. ಆರ್‌ಡಿಯ ಬಡ್ಡಿಗೆ ನೀವು ತೆರಿಗೆ ಕಟ್ಟುವವರಾದರೆ ಈ ಅಂತರ ಸ್ವಲ್ಪ ಕಿರಿದಾಗುತ್ತದೆ, ಆದರೆ ಹೋಗಿಬಿಡುವುದಿಲ್ಲ.

ಹಾಗಾಗಿ ನನ್ನ ಸಲಹೆ ಆರ್‌ಡಿಯ ದಾರಿಯೇ. ಇದಕ್ಕೊಂದು ಶರತ್ತಿದೆ, ಅದನ್ನು ಸುಮ್ಮನೆ ಹೇಳುತ್ತಿಲ್ಲ. ಮನೆಯಲ್ಲಿ ಮದುವೆ, ಆಸ್ಪತ್ರೆ, ಮನೆ ರಿಪೇರಿ ಎಂದು ನಡುವೆ ಆರ್‌ಡಿ ಮುರಿಯುವ ಸಾಧ್ಯತೆ ಹೆಚ್ಚಿದೆ ಎಂದು ನಿಮಗೇ ಅನಿಸಿದರೆ, ಸಾಲದ ಖಾತೆಗೇ ಕಟ್ಟಿಬಿಡಿ. ಕಟ್ಟಿದ ಹಣವನ್ನು ಮರಳಿ ತೆಗೆಯಲಾಗದು, ಅದೇ ಅದರ ಗುಣ. ಮುರಿದ ಆರ್‌ಡಿಗಿಂತ ಕಟ್ಟಿದ ಬಡ್ಡಿ ಸಾವಿರ ಪಾಲು ಮೇಲು. ಆ ಲೆಕ್ಕವನ್ನು ನಿಮ್ಮ ಮನೆಯ ಸ್ವಭಾವ ಬಲ್ಲ ನೀವೇ ಹಾಕಬೇಕು.

ಈ ಸಲಹೆಯನ್ನು ತಿರುಗಿಸಬಲ್ಲ ಒಂದು ಸಾಲು ನಿಮ್ಮ ಪತ್ರದಲ್ಲಿ ಇರಬಹುದು. ಓದಿನ ಅವಧಿ ಮತ್ತು ಮೊರಟೋರಿಯಂನಲ್ಲಿ ಬಡ್ಡಿಯನ್ನು ತಪ್ಪದೆ ಕಟ್ಟಿದವರಿಗೆ ದರದಲ್ಲಿ ಶೇ. 1ರಷ್ಟು ರಿಯಾಯಿತಿ ಕೊಡಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಈ ರಿಯಾಯಿತಿ ಮೊರಟೋರಿಯಂಗೆ ಮಾತ್ರವೇ, ಅಥವಾ ಸಾಲ ತೀರುವವರೆಗೂ ಅನ್ವಯವೇ ಎಂಬುದನ್ನು ಪತ್ರದಲ್ಲಿ ಓದಿ, ಅಸ್ಪಷ್ಟವಾಗಿದ್ದರೆ ಬರಹದಲ್ಲಿ ಕೇಳಿ. ಮೊರಟೋರಿಯಂಗೆ ಮಾತ್ರವಾದರೆ ಐದು ವರ್ಷಕ್ಕೆ ಉಳಿಯುವುದು 25,200 ರೂಪಾಯಿ, ಆರ್‌ಡಿಯಲ್ಲಿ ದುಡಿಯುವುದು ಸುಮಾರು 30,000. ಎರಡೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ದಾರಿ ಬದಲಿಸುವ ಅಗತ್ಯವಿಲ್ಲ. ಸಾಲ ತೀರುವವರೆಗೂ ರಿಯಾಯಿತಿ ಇದ್ದರೆ ಮಾತ್ರ ಕಥೆ ಬೇರೆ. ಆಗ 7,20,000ಕ್ಕೆ ಶೇ. 8.60ರಂತೆ ಕಂತು ಸುಮಾರು 8,966ಕ್ಕೆ ಇಳಿಯುತ್ತದೆ, ಕಂತಿನ ಹತ್ತು ವರ್ಷಗಳಲ್ಲೇ ಮತ್ತೆ 46,000ಕ್ಕೂ ಹೆಚ್ಚು ಉಳಿಯುತ್ತದೆ. ಆದರೆ ಅದಕ್ಕೆ ಪೂರ್ತಿ ಬಡ್ಡಿಯನ್ನು ಕಟ್ಟಬೇಕು. ಮೊದಲ ವರ್ಷ ತಿಂಗಳಿಗೆ 1,290, ಎರಡನೆಯ ವರ್ಷ 2,580, ಮೂರನೆಯ ವರ್ಷ 3,870, ಆಮೇಲೆ 5,160. ಮೊದಲ ಎರಡು ವರ್ಷ ನಿಮ್ಮ 3,000ದಲ್ಲಿ ಉಳಿಯುವುದನ್ನು ತೆಗೆದಿಟ್ಟರೆ ಮೂರನೆಯ ವರ್ಷ ದಾಟಬಹುದು. ನಾಲ್ಕನೆಯ ವರ್ಷ ಒಟ್ಟು 10,800 ಕಡಿಮೆ ಬೀಳುತ್ತದೆ. ಐದನೆಯ ವರ್ಷದ ಕೊರತೆ 25,920, ಆ ಹೊತ್ತಿಗೆ ಮಗಳು ದುಡಿಯುತ್ತಿದ್ದರೆ ಅದನ್ನು ಅವಳೇ ತುಂಬಬಲ್ಲಳು. ಒಂದು ತಿಂಗಳು ತಪ್ಪಿದರೂ ರಿಯಾಯಿತಿ ಹೋಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಆರ್‌ಡಿ ತೆರೆಯುವ ಮೊದಲು ಪತ್ರದ ಇನ್ನೊಂದು ಸಾಲನ್ನು ದಯವಿಟ್ಟು ಓದಿ. ಮೊರಟೋರಿಯಂ ‘ಕೋರ್ಸ್ ಮುಗಿದ ಮೇಲೆ ಒಂದು ವರ್ಷ’ ಎಂದು ನಿಂತಿದೆಯೇ, ಅಥವಾ ‘ಒಂದು ವರ್ಷ ಅಥವಾ ಕೆಲಸ ಸಿಕ್ಕ ಆರು ತಿಂಗಳು, ಯಾವುದು ಮೊದಲೋ ಅದು’ ಎಂದು ಮುಂದುವರಿಯುತ್ತದೆಯೇ? ಎರಡನೆಯ ಬಗೆಯ ಮಾತು ಹಳೆಯ ಪತ್ರಗಳಲ್ಲಿ ಸಾಮಾನ್ಯವಾಗಿತ್ತು. ಅದು ಇದ್ದು, ಮಗಳು 2029ರ ಜುಲೈ ಕೊನೆಗೇ ಕೆಲಸಕ್ಕೆ ಸೇರಿದರೆ, ಮೊರಟೋರಿಯಂ 2030ರ ಜನವರಿ ಕೊನೆಗೇ ಮುಗಿಯುತ್ತದೆ. ಬಾಕಿ ಬಡ್ಡಿ 34,560ರಷ್ಟು ಕಡಿಮೆಯಾಗುತ್ತದೆ ನಿಜ, ಆದರೆ ನಿಮ್ಮ ಆರ್‌ಡಿ ಇನ್ನೂ ಪಕ್ವವಾಗಿರುವುದಿಲ್ಲ. ಅಂಥ ಪತ್ರವಾದರೆ ಆರ್‌ಡಿಯ ಅವಧಿಯನ್ನು 51 ತಿಂಗಳಿಗೆ ಇಳಿಸಿ. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿ ಈ ಕೆಲಸಕ್ಕೆ ಅಷ್ಟು ಒಗ್ಗುವುದಿಲ್ಲ, ಏಕೆಂದರೆ ಮೂರು ವರ್ಷ ಕಳೆದ ಮೇಲೆ ಮುರಿದರೂ ಅದಕ್ಕೆ ಸಿಗುವುದು ಉಳಿತಾಯ ಖಾತೆಯ ಬಡ್ಡಿ ಮಾತ್ರ. ತಿಂಗಳ ಲೆಕ್ಕದಲ್ಲಿ ಅವಧಿ ಆರಿಸಿಕೊಳ್ಳಲು ಬಿಡುವ ಬ್ಯಾಂಕಿನ ಆರ್‌ಡಿಯೇ ಇಲ್ಲಿ ಸರಿ.

ನಿಮ್ಮ ಆದಾಯ ಆರು ಲಕ್ಷ ಎಂದಿರುವುದರಿಂದ ಕೇಂದ್ರದ ಬಡ್ಡಿ ನೆರವಿನ ಬಗ್ಗೆ ಒಂದು ಮಾತು ಹೇಳಲೇಬೇಕು. ವಾರ್ಷಿಕ ಆದಾಯ 4.5 ಲಕ್ಷದ ಒಳಗಿನ ಕುಟುಂಬಗಳಿಗೆ ಮೊರಟೋರಿಯಂ ಬಡ್ಡಿಯನ್ನು ಪೂರ್ತಿ ಭರಿಸುವ ಹಳೆಯ ಯೋಜನೆ ನಿಮಗೆ ಅನ್ವಯಿಸದು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಎಂಟು ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ, ಹತ್ತು ಲಕ್ಷದವರೆಗಿನ ಸಾಲದ ಮೇಲೆ, ಮೊರಟೋರಿಯಂ ಅವಧಿಗೆ ಶೇ. 3ರಷ್ಟು ಬಡ್ಡಿ ನೆರವು ಇದೆ. ಮಗಳ ಕಾಲೇಜು ಆ ಯೋಜನೆಯ ಪಟ್ಟಿಯಲ್ಲಿ ಇರಬೇಕು, ಸೀಟು ಮ್ಯಾನೇಜ್‌ಮೆಂಟ್ ಕೋಟಾದ್ದಾಗಿರಬಾರದು, ಮತ್ತು ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳ ಮಿತಿಯೂ ಇದೆ. ನಿಮ್ಮ ಸಾಲಕ್ಕೆ ಅದು ಪೂರ್ತಿ ಸಿಕ್ಕರೆ 75,600 ರೂಪಾಯಿ, ಅಂದರೆ ಈ ಉತ್ತರದಲ್ಲಿ ನಾನು ಹೇಳಿದ ಎಲ್ಲ ಜಾಣತನಕ್ಕಿಂತ ದೊಡ್ಡ ಮೊತ್ತ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಪಡೆದು, ಶಾಖೆಯಲ್ಲಿ ಈ ವಿಷಯವನ್ನೇ ಮೊದಲು ವಿಚಾರಿಸಿ. ನೆರವು ಕೇಳದವರಿಗೆ ಅದು ತಾನಾಗಿ ಬರುವುದಿಲ್ಲ.

ದರ ಫ್ಲೋಟಿಂಗ್ ಆದ್ದರಿಂದ ಮೇಲಿನ ಯಾವ ಅಂಕಿಯೂ ಕಲ್ಲಿನಲ್ಲಿ ಕೊರೆದದ್ದಲ್ಲ. ಐದು ವರ್ಷವಿಡೀ ದರ ಶೇ. 1ರಷ್ಟು ಹೆಚ್ಚಿದ್ದರೆ ಬಾಕಿ ಬಡ್ಡಿ 25,200 ಏರುತ್ತದೆ, ಕಡಿಮೆಯಿದ್ದರೆ ಅಷ್ಟೇ ಇಳಿಯುತ್ತದೆ. ಪ್ರತಿ ಬಿಡುಗಡೆಯ ನಿಜವಾದ ದಿನಾಂಕ ಮತ್ತು ಆ ದಿನದ ದರವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ವರ್ಷಕ್ಕೊಮ್ಮೆ ಲೆಕ್ಕ ಹಾಕಿದರೆ ಸಾಕು. ಸಾಲದೊಂದಿಗೆ ಜೀವವಿಮೆಯ ಕಂತನ್ನೂ ಸೇರಿಸಿದ್ದರೆ ಅದೂ ಅಸಲೇ, ಅದಕ್ಕೂ ಐದು ವರ್ಷ ಬಡ್ಡಿ ಓಡುತ್ತದೆ ಎಂಬುದನ್ನು ಮರೆಯಬೇಡಿ.

ಮೊರಟೋರಿಯಂ ಮುಗಿಯುವ ಎರಡು ತಿಂಗಳ ಮೊದಲು ಶಾಖೆಗೆ ಒಂದು ಪತ್ರ ಕೊಡಿ. ಬಾಕಿ ಬಡ್ಡಿ ಎಷ್ಟು, ಅದು ಯಾವ ದಿನಾಂಕಕ್ಕೆ ಅಸಲಿಗೆ ಸೇರುತ್ತದೆ, ಮೊದಲ ಕಂತು ಯಾವಾಗ ಎಂಬ ಮೂರನ್ನು ಬರಹದಲ್ಲಿ ಕೇಳಿ. ಉತ್ತರ ಬಂದ ಮೇಲೆ, ಆ ದಿನಾಂಕಕ್ಕೆ ಒಂದು ವಾರ ಮೊದಲು ಆರ್‌ಡಿಯ ಹಣವನ್ನು ಸಾಲದ ಖಾತೆಗೆ ಕಟ್ಟಿ, ‘ಬಾಕಿ ಬಡ್ಡಿಗೆ ಜಮೆ ಮಾಡಿ, ಉಳಿದ ಮೊತ್ತದ ಮೇಲೆ ಕಂತು ನಿಗದಿ ಮಾಡಿ’ ಎಂದು ಬರೆದ ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಂದು ವಾರ ತಡವಾದರೆ ಹಣ ವ್ಯರ್ಥವಾಗುವುದಿಲ್ಲ, ಆದರೆ ಅಷ್ಟರಲ್ಲಿ 12,500ರ ಕಂತು ನಿಗದಿಯಾಗಿರುತ್ತದೆ. ಆಮೇಲೆ ಕಟ್ಟಿದ ಹಣ ಸಾಲದ ಅವಧಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ತಿಂಗಳ ಕಂತನ್ನು ತಾನಾಗಿ ಇಳಿಸುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಗೆ ಬೇಕಾಗಿರುವುದು ಕಂತಿನ ಇಳಿಕೆ.

ಕಂತುಗಳ ಸಂಖ್ಯೆಯ ವಿಷಯದಲ್ಲಿ, ಪತ್ರ 180ರವರೆಗೆ ಅವಕಾಶ ಕೊಟ್ಟಿರುವುದರಿಂದ, ಕಾಗದದ ಮೇಲೆ 180 ತೆಗೆದುಕೊಂಡು 120ರ ಕಂತನ್ನು ಕಟ್ಟುವುದು ನನ್ನ ಆಯ್ಕೆ. 7,51,920ಕ್ಕೆ 180 ಕಂತುಗಳಾದರೆ ತಿಂಗಳಿಗೆ 7,897. ಅಷ್ಟನ್ನೇ ಕಟ್ಟುತ್ತಾ ಹೋದರೆ ಒಟ್ಟು 14.21 ಲಕ್ಷ ಆಗುತ್ತದೆ, 9,771ರಂತೆ ಹತ್ತು ವರ್ಷದಲ್ಲಿ ತೀರಿಸಿದರೆ 11.73 ಲಕ್ಷ. ಈ ಎರಡೂವರೆ ಲಕ್ಷ ಉಳಿಸಲು 9,771ನ್ನೇ ಕಟ್ಟಬೇಕು, ಆದರೆ ಕೆಲಸ ಬದಲಿಸುವಾಗ ಎರಡು ಮೂರು ತಿಂಗಳು ಸಂಬಳ ನಿಂತರೆ 7,897 ಕಟ್ಟಿ ದಾಟುವ ಹಕ್ಕು ಕೈಯಲ್ಲಿ ಇರುತ್ತದೆ. ವ್ಯಕ್ತಿಗಳು ಪಡೆದ ಫ್ಲೋಟಿಂಗ್ ದರದ ಇಂಥ ಸಾಲವನ್ನು ಮುಂಚಿತವಾಗಿ ಕಟ್ಟಿದ್ದಕ್ಕೆ ಬ್ಯಾಂಕು ದಂಡ ಹಾಕುವಂತಿಲ್ಲ. ಹೆಚ್ಚುವರಿ 1,874 ರೂಪಾಯಿ ನಿಜವಾಗಿ ಅಸಲಿಗೆ ಹೋಗುತ್ತಿದೆಯೇ, ಅಥವಾ ‘ಮುಂಗಡ ಕಂತು’ ಎಂದು ಪಕ್ಕದಲ್ಲಿ ಕುಳಿತಿದೆಯೇ ಎಂಬುದನ್ನು ಮಾತ್ರ ಮೊದಲ ಮೂರು ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ನೋಡಬೇಕು. ಅಸಲಿಗೆ ಹೋಗಿದ್ದರೆ ಮುಂದಿನ ತಿಂಗಳ ಬಡ್ಡಿ ಆ ಹೆಚ್ಚುವರಿಯ ಮೇಲೆ ಸುಮಾರು 15 ರೂಪಾಯಿಯಷ್ಟು ಹೆಚ್ಚಾಗಿ ಇಳಿದಿರುತ್ತದೆ.

ಕೊನೆಯದಾಗಿ ತೆರಿಗೆ. ಸೆಕ್ಷನ್ 80ಇ ಎಂದು ಎಲ್ಲರೂ ಕರೆಯುವ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಸಿಗುತ್ತದೆ, ನಿಜವಾಗಿ ಕಟ್ಟಿದ ಬಡ್ಡಿಗೆ ಮಾತ್ರ ಸಿಗುತ್ತದೆ, ಮತ್ತು ಬಡ್ಡಿ ಕಟ್ಟಲು ಆರಂಭಿಸಿದ ವರ್ಷದಿಂದ ಎಂಟು ವರ್ಷಕ್ಕೆ ಮುಗಿಯುತ್ತದೆ. ನೀವು ಈಗಲೇ ತಿಂಗಳಿಗೆ 1,440 ಕಟ್ಟತೊಡಗಿದರೆ ಆ ಎಂಟು ವರ್ಷಗಳಲ್ಲಿ ಮೊದಲ ಐದು ಸಣ್ಣ ಮೊತ್ತಗಳಿಗೇ ಖರ್ಚಾಗುತ್ತವೆ. ಆರ್‌ಡಿಯ ದಾರಿಯಲ್ಲಿ ಎಣಿಕೆ 2030ರ ಜುಲೈಯಿಂದ, ಬಡ್ಡಿ ದೊಡ್ಡದಾಗಿರುವ ವರ್ಷಗಳಲ್ಲಿ ಶುರುವಾಗುತ್ತದೆ. ಆ ಹೊತ್ತಿಗೆ ಮಗಳು ಹಳೆಯ ಪದ್ಧತಿಯನ್ನು ಆರಿಸಿಕೊಂಡಿದ್ದರೆ, ಬಡ್ಡಿ ಅವಳ ಖಾತೆಯಿಂದಲೇ ಹೋಗುವಂತೆ ನೋಡಿಕೊಂಡು, ಪ್ರತಿ ಏಪ್ರಿಲ್‌ನಲ್ಲಿ ಬ್ಯಾಂಕಿನಿಂದ ಬಡ್ಡಿ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಲಿ.